ಅಂಗಡಿ ಫಲಕಗಳಲ್ಲಿ ಬಂಗಾಳಿ ಅಕ್ಷರಗಳನ್ನು ಕನ್ನಡದ ಮೂಲಕ ಗುರುತಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸಕ್ಕೋ ಓದಿಗೋ ಕೊಲ್ಕತ್ತಾಕ್ಕೆ ಹೋಗಿ ಕೆಲವು ತಿಂಗಳು ನಿಲ್ಲುವ ಕನ್ನಡಿಗರು ಅಲ್ಲಿನ ಲಿಪಿಯ ಬಗ್ಗೆ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಬಂಗಾಳಿ ಭಾಷೆಯನ್ನು ಕಲಿಸುವುದು ಈ ಪುಟದ ಉದ್ದೇಶವಲ್ಲ. ಬೀದಿಯಲ್ಲಿ ನಡೆಯುವಾಗ ಎದುರಿಗಿರುವುದು ಸಿಹಿ ತಿಂಡಿಯ ಅಂಗಡಿಯೇ, ಬಟ್ಟೆಯ ಅಂಗಡಿಯೇ, ಊಟದ ಹೋಟೆಲೇ ಎಂಬುದನ್ನು ಫಲಕದಿಂದಲೇ ತಿಳಿಯುವಷ್ಟು ಅಕ್ಷರಗಳನ್ನು, ನಮಗೆ ಗೊತ್ತಿರುವ ಕನ್ನಡ ಅಕ್ಷರಗಳ ಪಕ್ಕದಲ್ಲಿಟ್ಟು ತೋರಿಸುವುದಷ್ಟೇ ಇಲ್ಲಿನ ಕೆಲಸ.

ಕನ್ನಡಕ್ಕೂ ಬಂಗಾಳಿಗೂ ಆಕಾರದಲ್ಲಿ ನಿಜವಾದ ಹೋಲಿಕೆ ಇದೆಯೇ, ಅಥವಾ ಇದು ನೆನಪಿಗಾಗಿ ಕಟ್ಟಿಕೊಳ್ಳುವ ಕಲ್ಪನೆಯೇ?

ಕೆಲವು ಅಕ್ಷರಗಳಲ್ಲಿ ಹೋಲಿಕೆ ನಿಜವಾದದ್ದು, ಏಕೆಂದರೆ ಎರಡೂ ಲಿಪಿಗಳ ಮೂಲ ಬ್ರಾಹ್ಮಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಯಾವ ಲಿಪಿಯಲ್ಲಿದೆಯೋ, ಈಗ ಬಾಂಗ್ಲಾದೇಶದಲ್ಲಿರುವ ಮಹಾಸ್ಥಾನಗಡದಲ್ಲಿ 1931ರಲ್ಲಿ ದೊರೆತ ಪ್ರಾಚೀನ ಶಾಸನವೂ ಅದೇ ಲಿಪಿಯಲ್ಲಿದೆ. ಆಮೇಲೆ ದಕ್ಷಿಣದ ಅಕ್ಷರಗಳು ದುಂಡಗಾಗುತ್ತ ಬಂದವು. ಪೂರ್ವದ ಅಕ್ಷರಗಳು ಮೇಲುಗೆರೆಯನ್ನೂ, ನೆಟ್ಟಗಿನ ಕಂಬವನ್ನೂ, ಮೊನಚು ಮೂಲೆಗಳನ್ನೂ ಬೆಳೆಸಿಕೊಂಡವು. ಹೀಗಾಗಿ ಎರಡನ್ನೂ ಮೇಲುನೋಟಕ್ಕೆ ಹೋಲಿಸಿದರೆ ಏನೂ ಸಿಗುವುದಿಲ್ಲ. ಆದರೆ ಅಕ್ಷರದ ಒಡಲು ಎಲ್ಲಿ ತೆರೆದಿದೆ, ಎಲ್ಲಿ ಮುಚ್ಚಿದೆ, ಯಾವ ಗೆರೆ ಯಾವುದನ್ನು ಅಡ್ಡಹಾಯುತ್ತದೆ ಎಂದು ನೋಡಿದರೆ ಹಳೆಯ ನಂಟು ಕಾಣುತ್ತದೆ.

ಎಲ್ಲ ಅಕ್ಷರಗಳಲ್ಲಿಯೂ ಹೀಗೆ ಕಾಣುವುದಿಲ್ಲ. ಬಂಗಾಳಿಯ ದ, ನ, ಸ, ಹ ಮೊದಲಾದವನ್ನು ಕನ್ನಡದ ಜೊತೆ ಬಲವಂತವಾಗಿ ಜೋಡಿಸಲು ಹೋದರೆ ನೆನಪಿಗೆ ಹೊರೆಯಾಗುತ್ತದೆಯೇ ಹೊರತು ಸಹಾಯವಾಗುವುದಿಲ್ಲ. ಅವನ್ನು ಪೂರ್ಣ ಪದಗಳ ಮೂಲಕವೇ ಕಲಿಯುವುದು ಸುಲಭ. ಆದ್ದರಿಂದ ಹೋಲಿಕೆ ಗಟ್ಟಿಯಾಗಿರುವ ಅಕ್ಷರಗಳನ್ನು ಮಾತ್ರ ಇಲ್ಲಿ ವಿವರವಾಗಿ ತೆಗೆದುಕೊಂಡಿದ್ದೇನೆ.

ಅಕ್ಷರಗಳೆಲ್ಲ ಮೇಲಿನ ಒಂದು ಗೆರೆಗೆ ಅಂಟಿಕೊಂಡಿವೆ. ಒಂದು ಅಕ್ಷರ ಮುಗಿದು ಇನ್ನೊಂದು ಶುರುವಾಗುವುದು ಎಲ್ಲಿ ಎಂದು ಹೇಗೆ ತಿಳಿಯಬೇಕು?

ಆ ಮೇಲುಗೆರೆಯನ್ನು ಬಂಗಾಳಿಯಲ್ಲಿ ಮಾತ್ರಾ ಎನ್ನುತ್ತಾರೆ. ನಮ್ಮ ತಲಕಟ್ಟಿನ ಸ್ಥಾನದಲ್ಲಿಯೇ ಅದು ಇದೆ ಎಂದುಕೊಳ್ಳಿ. ವ್ಯತ್ಯಾಸವೆಂದರೆ ಕನ್ನಡದ ತಲಕಟ್ಟು ಪ್ರತಿ ಅಕ್ಷರಕ್ಕೂ ಬೇರೆಯಾಗಿರುತ್ತದೆ, ಬಂಗಾಳಿಯ ಮಾತ್ರಾ ಪಕ್ಕದ ಅಕ್ಷರದ ಮಾತ್ರಾದೊಂದಿಗೆ ಕೂಡಿಕೊಳ್ಳುತ್ತದೆ. ಓದುವಾಗ ಮೇಲುಗೆರೆಯನ್ನು ಮನಸ್ಸಿನಲ್ಲಿ ಅಳಿಸಿ, ಅದರ ಕೆಳಗೆ ನೇತಾಡುವ ಆಕಾರಗಳನ್ನು ಮಾತ್ರ ನೋಡುವ ಅಭ್ಯಾಸ ಮಾಡಿಕೊಂಡರೆ ಅಕ್ಷರಗಳು ತಾವಾಗಿಯೇ ಬಿಡಿಬಿಡಿಯಾಗುತ್ತವೆ.

ಕನ್ನಡದಲ್ಲಿ ಖ, ಜ, ಟ, ಣ, ಬ, ಲ ಮೊದಲಾದವಕ್ಕೆ ತಲಕಟ್ಟಿಲ್ಲ. ಹಾಗೆಯೇ ಬಂಗಾಳಿಯಲ್ಲಿ ಹತ್ತು ಚಿಹ್ನೆಗಳಿಗೆ ಮಾತ್ರಾ ಇಲ್ಲ, ಇನ್ನೆಂಟು ಅಕ್ಷರಗಳಿಗೆ ಅರ್ಧ ಮಾತ್ರಾ ಮಾತ್ರ ಇದೆ. ಇದರಿಂದ ಹೊಸಬರಿಗೆ ಒಂದು ತೊಡಕಾಗುತ್ತದೆ: ಗೆರೆ ಕಡಿದಲ್ಲಿ ಪದ ಮುಗಿಯಿತೆಂದು ಅವರು ಭಾವಿಸುತ್ತಾರೆ. ಹಾವಡಾ ನಿಲ್ದಾಣದ ಹೆಸರನ್ನು ನೋಡಿ: হাওড়া. ಮೊದಲಿನ হা ಭಾಗಕ್ಕೂ ಕೊನೆಯ ড়া ಭಾಗಕ್ಕೂ ಮೇಲುಗೆರೆಯಿದೆ, ನಡುವಿನ ও ಅಕ್ಷರಕ್ಕಿಲ್ಲ. ಇದು ಒಂದೇ ಪದ. ও ಎಂಬುದು ಸ್ವರವಾದ ‘ಓ’, ಅದಕ್ಕೆ ಮಾತ್ರಾ ಇರುವುದಿಲ್ಲ, ಅಷ್ಟೇ. ಪದ ಮುಗಿದಿದ್ದರೆ ಗೆರೆಯ ಜೊತೆಗೆ ಕೆಳಗಿನ ಆಕಾರಗಳ ನಡುವೆಯೂ ಖಾಲಿ ಜಾಗ ಇರಬೇಕು.

ಇದೇ ও ಅಕ್ಷರ ಎರಡೂ ಬದಿಗೆ ಜಾಗ ಬಿಟ್ಟುಕೊಂಡು ಒಂಟಿಯಾಗಿ ನಿಂತಿದ್ದರೆ ಅದರ ಅರ್ಥ ‘ಮತ್ತು’. ಫಲಕಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ: ಎರಡು ಸರಕುಗಳ ಹೆಸರಿನ ನಡುವೆ ಇದನ್ನು ಕಂಡರೆ ‘ಇದು ಮತ್ತು ಅದು’ ಎಂದು ಓದಿಕೊಳ್ಳಬಹುದು.

ಯಾವ ಅಕ್ಷರದಿಂದ ಶುರುಮಾಡಬೇಕು?

ತ್ರಿಕೋನದಿಂದ ಶುರುಮಾಡಿ. ಮೇಲುಗೆರೆಯಿಂದ ಇಳಿಬಿದ್ದ ಒಂದು ತ್ರಿಕೋನ, ಅದರ ಬಲಬದಿ ನೆಟ್ಟಗಿನ ಕಂಬ, ಎಡಗಡೆ ಚೂಪಾದ ಮೂಲೆ. ಇದು ব, ಅಂದರೆ ‘ಬ’. ಕನ್ನಡದ ಬ ದುಂಡಗಿರುವುದರಿಂದ ಇಲ್ಲಿ ಆಕಾರದ ಹೋಲಿಕೆ ಇಲ್ಲ, ಆದರೆ ಈ ಒಂದು ತ್ರಿಕೋನದಿಂದ ಇನ್ನೂ ಎರಡು ಅಕ್ಷರಗಳು ಹುಟ್ಟುವುದರಿಂದ ಇದನ್ನು ಮೊದಲು ಕಲಿಯುವುದು ಲಾಭ.

ತ್ರಿಕೋನದ ಕೆಳಗೆ ಒಂದು ಚುಕ್ಕೆ ಇಟ್ಟರೆ র, ಅಂದರೆ ‘ರ’. ಕನ್ನಡದಲ್ಲಿ ರ ಮತ್ತು ಠ ಅಕ್ಷರಗಳನ್ನು ಬೇರೆಮಾಡುವುದು ಒಂದೇ ಒಂದು ಚುಕ್ಕೆ ಎಂಬುದನ್ನು ನೆನೆಯಿರಿ. ರಕ್ಕೆ ಚುಕ್ಕೆ ಇಟ್ಟರೆ ನಮ್ಮಲ್ಲಿ ಅದು ರ ಆಗಿ ಉಳಿಯುವುದಿಲ್ಲ. ಬಂಗಾಳಿಯಲ್ಲಿ ಚುಕ್ಕೆ ಬಂದಾಗಲೇ ಅದು ರ ಆಗುತ್ತದೆ. ಈ ತಿರುವುಮುರುವನ್ನು ಒಮ್ಮೆ ಗಮನಿಸಿದವರು ব ಮತ್ತು র ಅಕ್ಷರಗಳನ್ನು ಮತ್ತೆ ಅದಲುಬದಲು ಮಾಡುವುದನ್ನು ನಾನು ಕಂಡಿಲ್ಲ. ಬಂಗಾಳಿಗೆ ಈ ಚುಕ್ಕೆಯ ತಂತ್ರ ಬಹಳ ಪ್ರಿಯ: ড ಎಂಬ ‘ಡ’ಕಾರಕ್ಕೆ ಚುಕ್ಕೆ ಬಂದರೆ ನಾಲಿಗೆ ಹೊರಳಿಸಿ ಹೇಳುವ ড়, য ಅಕ್ಷರಕ್ಕೆ ಚುಕ್ಕೆ ಬಂದರೆ ‘ಯ’ದ ಸದ್ದಿನ য়. ಈಶ್ವರಚಂದ್ರ ವಿದ್ಯಾಸಾಗರರು 1855ರಲ್ಲಿ ಮಕ್ಕಳಿಗಾಗಿ ಬರೆದ ಪಠ್ಯದಲ್ಲಿ ಇಂಥ ಚುಕ್ಕೆಯ ಅಕ್ಷರಗಳಿಗೆ ವರ್ಣಮಾಲೆಯಲ್ಲಿ ಸ್ವತಂತ್ರ ಸ್ಥಾನ ಕೊಟ್ಟರು.

ತ್ರಿಕೋನದ ಬಲಗಡೆ ಕೊಕ್ಕೆಯೊಂದು ಇಳಿಬಿದ್ದರೆ ক, ಅಂದರೆ ‘ಕ’. ಇಲ್ಲಿ ಕನ್ನಡದೊಂದಿಗೆ ನಿಜವಾದ ನಂಟಿದೆ. ಬ್ರಾಹ್ಮಿಯ ಕ ಒಂದು ಕೂಡಿಸುವ ಚಿಹ್ನೆಯಂತೆ ಇತ್ತು. ಕನ್ನಡದ ಕ ಅಕ್ಷರದ ನಡುವೆ ಇಂದಿಗೂ ಅಡ್ಡಗೆರೆಯೊಂದು ಉಳಿದಿರುವುದನ್ನು ನೋಡಿ. ಅದೇ ಹಳೆಯ ಅಡ್ಡಗೆರೆ. ಬಂಗಾಳಿಯಲ್ಲಿ ಆ ಅಡ್ಡಗೆರೆಯ ಎಡತೋಳು ಕೆಳಗೆ ಬಾಗಿ ಕಂಬಕ್ಕೆ ಅಂಟಿ ತ್ರಿಕೋನವಾಯಿತು, ಬಲತೋಳು ಕೊಕ್ಕೆಯಾಗಿ ನೇತುಬಿದ್ದಿತು. ಕಂಬದ ಎರಡೂ ಕಡೆಗೆ ತೋಳು ಚಾಚಿದ್ದರೆ ಕ ಎಂದು ತಿಳಿಯಿರಿ. ಈ ಲಕ್ಷಣ ಎರಡೂ ಲಿಪಿಗಳಿಗೆ ಹೊಂದುತ್ತದೆ.

ಗ ಮತ್ತು ಪ ಅಕ್ಷರಗಳು ಒಂದೇ ರೀತಿ ಕಾಣುತ್ತವೆ. ಅವನ್ನು ಬೇರೆಮಾಡುವುದು ಹೇಗೆ?

ಈ ಪ್ರಶ್ನೆಗೆ ಕನ್ನಡದಷ್ಟು ಚೆನ್ನಾಗಿ ಉತ್ತರ ಕೊಡುವ ಸಾಧನ ಇನ್ನೊಂದಿಲ್ಲ. ಬಂಗಾಳಿಯ গ (ಗ) ಮತ್ತು প (ಪ) ಎರಡಕ್ಕೂ ಬಲಗಡೆ ಕಂಬ, ಎಡಗಡೆ ಸುರುಳಿ, ಮೇಲೆ ಅರ್ಧ ಮಾತ್ರಾ. ದೂರದಿಂದ ಎರಡೂ ಒಂದೇ.

ಈಗ ಕನ್ನಡದ ಗ ಬರೆದು ನೋಡಿ. ಅದು ಕಮಾನು: ಮೇಲೆ ಮುಚ್ಚಿದೆ, ಕೆಳಗೆ ತೆರೆದಿದೆ, ಎರಡು ಕಾಲುಗಳ ಮೇಲೆ ನಿಂತಿದೆ. ಆಮೇಲೆ ಪ ಬರೆಯಿರಿ. ಅದು ಪಾತ್ರೆ: ಕೆಳಗೆ ಮುಚ್ಚಿದೆ, ಮೇಲೆ ಬಾಯಿ ತೆರೆದಿದೆ. ಬ್ರಾಹ್ಮಿಯಲ್ಲಿಯೂ ಗ ಎಂದರೆ ಕೆಳಗೆ ಬಾಯಿ ತೆರೆದ ಆಕಾರ, ಪ ಎಂದರೆ ಮೇಲೆ ಬಾಯಿ ತೆರೆದ ಆಕಾರವೇ ಆಗಿತ್ತು. ಬಂಗಾಳಿ ಈ ಗುಣವನ್ನು ಬಿಟ್ಟುಕೊಟ್ಟಿಲ್ಲ. গ ಅಕ್ಷರದ ಎಡಗಾಲು ಕಮಾನಿನಂತೆ ಮೇಲಿಂದ ಬಂದು ಕೆಳಗೆ ಬಿಡಿಯಾಗಿ ಸುತ್ತಿಕೊಳ್ಳುತ್ತದೆ, ಕಂಬದ ಬುಡವನ್ನು ಮುಟ್ಟುವುದಿಲ್ಲ. প ಅಕ್ಷರದ ಎಡಗೆರೆ ಮೇಲಿನ ಸುರುಳಿಯಿಂದ ಹೊರಟು ಓರೆಯಾಗಿ ಇಳಿದು ಕಂಬದ ಕೆಳಭಾಗಕ್ಕೆ ಬಂದು ಸೇರುತ್ತದೆ. ಆದ್ದರಿಂದ ಸಂಶಯ ಬಂದಾಗ ಸುರುಳಿಯನ್ನು ನೋಡಬೇಡಿ, ಬುಡವನ್ನು ನೋಡಿ. ನೀರು ಹುಯ್ದರೆ ನಿಲ್ಲುವಂತಿದ್ದರೆ ಪ, ಸೋರಿಹೋಗುವಂತಿದ್ದರೆ ಗ.

ಬಟ್ಟೆಯಂಗಡಿಗಳ ಫಲಕದಲ್ಲಿ কাপড় ಎಂಬ ಪದ ಸಿಗುತ್ತದೆ. ಮೊದಲು ತೋಳು ಚಾಚಿದ ಕ, ಪಕ್ಕದಲ್ಲಿ ‘ಆ’ಕಾರದ ಒಂದು ನೆಟ್ಟಗಿನ ಗೆರೆ, ಆಮೇಲೆ ಬುಡ ಮುಚ್ಚಿದ ಪ, ಕೊನೆಗೆ ಚುಕ್ಕೆ ಇಟ್ಟ ಡ: ‘ಕಾಪಡ್’, ಅಂದರೆ ಬಟ್ಟೆ. ಉತ್ತರ ಕರ್ನಾಟಕದವರಿಗಂತೂ ಇದು ಹಳೆಯ ಪರಿಚಯದ ಪದ.

ಮೇಲುಗೆರೆಯ ಮೇಲಕ್ಕೂ ಚಾಚಿಕೊಂಡ ಗೆರೆ ಕೆಲವು ಅಕ್ಷರಗಳಲ್ಲಿದೆ. ಅದೇನು?

ಅದು ಅಕ್ಷರದ್ದೇ ಭಾಗ, ಗಾಳಿಗೆ ಬಾಗಿದ ಬಾವುಟದಂತೆ ಕಾಣುತ್ತದೆ. ಕೆಲವು ಸ್ವರಗಳಿಗೂ ಈ ಬಾವುಟವಿದೆ, ಆದರೆ ಫಲಕ ಓದುವವರು ಮೊದಲು ತಿಳಿಯಬೇಕಾದದ್ದು ಎರಡು ವ್ಯಂಜನಗಳನ್ನು: ট ಮತ್ತು ঠ, ಅಂದರೆ ಟ ಮತ್ತು ಠ. ಇವುಗಳನ್ನು ಬೇರೆಮಾಡುವ ಗುಟ್ಟು ಮತ್ತೆ ಕನ್ನಡದಲ್ಲಿಯೇ ಇದೆ. ಕನ್ನಡದ ಟ ಬಾಯಿ ತೆರೆದ ಆಕಾರ, ಠ ಪೂರ್ಣವಾಗಿ ಮುಚ್ಚಿದ ವೃತ್ತ. ಬಂಗಾಳಿಯಲ್ಲಿಯೂ ট ಅಕ್ಷರದ ಹೊಟ್ಟೆ ಸುತ್ತಿ ಬಂದು ಮುಚ್ಚಿಕೊಳ್ಳುವ ಮೊದಲೇ ನಿಂತುಬಿಡುತ್ತದೆ, ঠ ಅಕ್ಷರದ ಹೊಟ್ಟೆ ಪೂರ್ತಿ ಮುಚ್ಚಿಕೊಳ್ಳುತ್ತದೆ.

ಬೆಲೆ ಬರೆದಲ್ಲೆಲ್ಲ টাকা ಎಂಬ ಪದವಿರುತ್ತದೆ: ಟ, ಗೆರೆ, ಕ, ಗೆರೆ. ‘ಟಾಕಾ’ ಎಂದರೆ ರೂಪಾಯಿ. ಇದುವರೆಗೆ ಹೇಳಿದ್ದಷ್ಟನ್ನೇ ಬಳಸಿ ಪೂರ್ತಿ ಓದಬಹುದಾದ ಪದ ಇದು. ಮೊದಲ ದಿನದ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪದ ನನಗೆ ತೋಚುವುದಿಲ್ಲ.

ಸ್ವರಚಿಹ್ನೆಗಳು ಅಕ್ಷರದ ಎಡಕ್ಕೆ ಬರುತ್ತವೆ ಎನ್ನುತ್ತಾರಲ್ಲ, ಹಾಗೆಂದರೇನು?

ಕನ್ನಡಿಗರು ಹೆಚ್ಚು ತಪ್ಪು ಮಾಡುವುದು ಇಲ್ಲಿಯೇ. ಅಕ್ಷರದ ಆಕಾರ ಗೊತ್ತಿದ್ದರೂ ಪದ ಕೈಗೆ ಸಿಗದಿರುವುದಕ್ಕೆ ಸಾಮಾನ್ಯವಾಗಿ ಕಾರಣ ಸ್ವರಚಿಹ್ನೆಯ ಸ್ಥಾನ.

ನಮ್ಮ ಗುಡಿಸು, ಏತ್ವಗಳು ಅಕ್ಷರದ ನೆತ್ತಿಯ ಮೇಲೆ ಕೂರುತ್ತವೆ, ಇಳಿ ಮತ್ತು ಕೊಂಬುಗಳು ಬಲಕ್ಕೆ ಬರುತ್ತವೆ. ಯಾವುದೂ ಅಕ್ಷರಕ್ಕಿಂತ ಮುಂಚೆ ಬರುವುದಿಲ್ಲ. ಬಂಗಾಳಿಯಲ್ಲಿ ‘ಆ’ಕಾರದ ಚಿಹ್ನೆ ಅಕ್ಷರದ ಬಲಗಡೆಗೆ ಒಂದು ನೆಟ್ಟಗಿನ ಗೆರೆ, ಇದು ನಮ್ಮ ಇಳಿಯ ಹಾಗೆಯೇ ಇರುವುದರಿಂದ ತೊಂದರೆಯಿಲ್ಲ. ಆದರೆ ‘ಇ’ಕಾರದ ಚಿಹ್ನೆ ಅಕ್ಷರದ ಎಡಗಡೆಗೆ ಒಂದು ಗೆರೆಯಾಗಿ ನಿಂತು, ಅಕ್ಷರದ ನೆತ್ತಿಯ ಮೇಲಕ್ಕೆ ಕೊಡೆಯಂತೆ ಬಾಗುತ್ತದೆ. ‘ಎ’ಕಾರದ ಚಿಹ್ನೆಯೂ ಎಡಕ್ಕೇ ಬರುತ್ತದೆ. ‘ಒ’ಕಾರಕ್ಕೆ ಎಡಕ್ಕೆ ಎಕಾರದ ಚಿಹ್ನೆ, ಬಲಕ್ಕೆ ಆಕಾರದ ಗೆರೆ, ನಡುವೆ ಅಕ್ಷರ.

ಅಂಗಡಿ ಎಂಬ ಅರ್ಥದ ದೋಕಾನ್ ಪದವನ್ನು ನೋಡೋಣ: দোকান. ಕಣ್ಣಿಗೆ ಎಡದಿಂದ ಬಲಕ್ಕೆ ಕಾಣುವುದು ಆರು ಆಕಾರಗಳು: ಎಕಾರದ ಚಿಹ್ನೆ, ದ, ಗೆರೆ, ಕ, ಗೆರೆ, ನ. ಕಂಡ ಕ್ರಮದಲ್ಲಿಯೇ ಓದಿದರೆ ‘ಎದಾಕಾನ’ ಎಂಬ ಅರ್ಥವಿಲ್ಲದ ಸದ್ದು ಹುಟ್ಟುತ್ತದೆ. ಮೊದಲ ಚಿಹ್ನೆಯನ್ನು ಕೈಯಲ್ಲಿ ಹಿಡಿದುಕೊಂಡು, ದಕಾರವನ್ನು ದಾಟಿ, ಆಚೆಗೆ ಗೆರೆಯಿದೆಯೇ ಎಂದು ನೋಡಬೇಕು. ಗೆರೆಯಿದ್ದರೆ ‘ದೋ’, ಇಲ್ಲದಿದ್ದರೆ ‘ದೇ’. ಇಲ್ಲಿ ಗೆರೆಯಿದೆ, ಆದ್ದರಿಂದ ‘ದೋ’, ಆಮೇಲೆ ‘ಕಾ’, ಆಮೇಲೆ ‘ನ್’.

ಎಕಾರದ ಚಿಹ್ನೆ ಸಿಕ್ಕಾಗಲೆಲ್ಲ ಅಕ್ಷರದ ಆಚೆ ಬದಿಗೂ ಕಣ್ಣು ಹಾಯಿಸುವುದನ್ನು ರೂಢಿ ಮಾಡಿಕೊಂಡರೆ ಇನ್ನೊಂದು ಲಾಭವಿದೆ. ‘ನ, ದ, ಯ’ ಎಂದು ನಾವು ಷಷ್ಠೀ ವಿಭಕ್ತಿಯಲ್ಲಿ ಹೇಳುವುದನ್ನು ಬಂಗಾಳಿಯವರು ‘ಏರ್’ ಎಂಬ ಪ್ರತ್ಯಯದಿಂದ ಹೇಳುತ್ತಾರೆ. ಪದದ ಕೊನೆಯ ವ್ಯಂಜನದ ಹಿಂದೆ ಎಕಾರದ ಚಿಹ್ನೆ, ಮುಂದೆ ಚುಕ್ಕೆಯ ತ್ರಿಕೋನ. ভাতের হোটেল ಎಂದರೆ ‘ಭಾತೇರ್ ಹೋಟೆಲ್’, ಅನ್ನದ ಹೋಟೆಲು. কাপড়ের দোকান ಎಂದರೆ ಬಟ್ಟೆಯ ಅಂಗಡಿ. ಹೀಗೆ র ಕೊನೆಗೊಂಡ ಪದದ ಮುಂದಿನ ಪದ ಸಾಮಾನ್ಯವಾಗಿ ಅಂಗಡಿಯ ಬಗೆಯನ್ನು ಹೇಳುತ್ತದೆ.

ಒತ್ತಕ್ಷರಗಳಿರುವ ಉದ್ದದ ಫಲಕವೊಂದನ್ನು ಮೊದಲಿನಿಂದ ಕೊನೆಯವರೆಗೆ ಓದಿ ತೋರಿಸಬಹುದೇ?

ಕೊಲ್ಕತ್ತಾದ ಯಾವ ಬಡಾವಣೆಗೆ ಹೋದರೂ ಕಾಣುವ ಎರಡು ಪದಗಳನ್ನು ತೆಗೆದುಕೊಳ್ಳೋಣ:

মিষ্টান্ন ভাণ্ডার

ಮೊದಲ ಆಕಾರ ಕೊಡೆಯಂತೆ ಬಾಗಿದ ಗೆರೆ, ಅಂದರೆ ಇಕಾರ. ಅದನ್ನು ಹಿಡಿದಿಟ್ಟುಕೊಂಡು ಮುಂದಿನ ಅಕ್ಷರಕ್ಕೆ ಹೋಗಬೇಕು. ಅದು ম: ಬಲಕ್ಕೆ ಕಂಬ, ಎಡಗೆರೆಯ ಬುಡದಲ್ಲಿ ಚಿಕ್ಕ ಗಂಟು. ಕನ್ನಡದ ಮ ಅಕ್ಷರದಲ್ಲಿಯೂ ಕೆಳಗಡೆ ಒಂದು ದುಂಡು ಇದೆ. ಆ ದುಂಡು ಇಲ್ಲಿ ಗಂಟಾಗಿ ಬಿಗಿದುಕೊಂಡಿದೆ ಎಂದು ನೆನಪಿಟ್ಟರೆ ಸಾಕು. ಎರಡೂ ಸೇರಿ ‘ಮಿ’.

ಮುಂದಿನದು ಒಂದು ಗುಂಪು: ಷ್ಟ ಎಂದು ಕನ್ನಡಿಗರು ಮನಸ್ಸಿನಲ್ಲಿ ಒಡೆದುಕೊಳ್ಳಬೇಕಾದ ষ্ট. ಇದರ ಮೊದಲ ಭಾಗ ষ, ಅಂದರೆ ಷ. ಕನ್ನಡದ ಪ ಮತ್ತು ಷ ಅಕ್ಷರಗಳನ್ನು ಅಕ್ಕಪಕ್ಕ ಬರೆದರೆ ಷ ಎಂಬುದು ಒಡಲೊಳಗೆ ಒಂದು ಗೆರೆ ಎಳೆದ ಪಕಾರದಂತೆ ಕಾಣುತ್ತದೆ. ಬಂಗಾಳಿಯ ষ ಕೂಡ ಹಾಗೆಯೇ, ಒಡಲನ್ನು ಓರೆಗೆರೆಯೊಂದು ಅಡ್ಡಹಾಯ್ದ ಅಕ್ಷರ. ಒಳಗೆ ಆ ಗೆರೆ ಇಲ್ಲದಿದ್ದರೆ ಅದು য. ಈ ಷಕಾರಕ್ಕೆ ಅಂಟಿಕೊಂಡು ಟಕಾರ ಇದೆ. ನಮ್ಮ ‘ಷ್ಟ’ದಲ್ಲಿ ಷ ಪೂರ್ಣವಾಗಿದ್ದು ಟಕಾರ ಒತ್ತಾಗಿ ಕೆಳಬಲಕ್ಕೆ ಇಳಿಯುವಂತೆ, ಇಲ್ಲಿಯೂ ಟಕಾರ ಚಿಕ್ಕದಾಗಿ ಕೆಳಗೆ ಸೇರಿಕೊಳ್ಳುತ್ತದೆ. ಅದರ ಪಕ್ಕದಲ್ಲಿ ಆಕಾರದ ಗೆರೆ. ಒಟ್ಟಿಗೆ ‘ಷ್ಟಾ’.

ಕೊನೆಯದು ন্ন, ನಕಾರದ ಮೇಲೆ ನಕಾರ. ಮೇಲಿನ ನಕಾರವನ್ನು ಗುರುತಿಸಿದರೆ ಕೆಳಗೆ ಅದೇ ಆಕಾರ ಮರುಕಳಿಸುವುದು ಕಾಣುತ್ತದೆ. ‘ಮಿಷ್ಟಾನ್ನ’ ಎಂಬಲ್ಲಿಗೆ ಕನ್ನಡಿಗರಿಗೆ ಅರ್ಥ ತಾನಾಗಿಯೇ ಹೊಳೆಯಬೇಕು. ನಮ್ಮ ಮೃಷ್ಟಾನ್ನದ ನೆರೆಯ ಪದವಿದು, ಅಲ್ಲಿ ಇದಕ್ಕೆ ಸಿಹಿ ತಿಂಡಿ ಎಂಬ ಅರ್ಥ.

ಎರಡನೆಯ ಪದದ ಮೊದಲ ಅಕ್ಷರ ভ, ಅಂದರೆ ಭ. ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಜೋಡಿಯಿಲ್ಲ. ಅನ್ನದ ಹೋಟೆಲಿನ ভাত ಪದದಿಂದಲೇ ಇದನ್ನು ಕಲಿಯುವುದು ಉತ್ತಮ. ಪಕ್ಕದಲ್ಲಿ ಗೆರೆ, ಆದ್ದರಿಂದ ‘ಭಾ’. ಆಮೇಲೆ ণ্ড, ಅಂದರೆ ಣಕಾರ ಮತ್ತು ಡಕಾರ ಕೂಡಿದ ಗುಂಪು. ಕನ್ನಡದಲ್ಲಿ ನಾವು ಇಲ್ಲಿ ಸೊನ್ನೆ ಇಟ್ಟು ‘ಂಡ’ ಎಂದು ಬರೆಯುತ್ತೇವೆ, ಬಂಗಾಳಿಯವರು ಅನುನಾಸಿಕವನ್ನು ಪೂರ್ಣ ಅಕ್ಷರವಾಗಿಯೇ ಬರೆದು ಕೂಡಿಸುತ್ತಾರೆ. ಸೊನ್ನೆಯನ್ನು ಹುಡುಕುತ್ತ ನಿಂತರೆ ಸಿಗುವುದಿಲ್ಲ. ಮತ್ತೆ ಗೆರೆ, ಕೊನೆಗೆ ಚುಕ್ಕೆಯ ತ್ರಿಕೋನ: ‘ಭಾಂಡಾರ್’. ಭಂಡಾರ ಎಂಬ ಪದವನ್ನು ಯಾರೂ ವಿವರಿಸಬೇಕಾಗಿಲ್ಲ.

ಇನ್ನೊಂದು ಒತ್ತಿನ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಫಲಕಗಳಲ್ಲಿ স্টোর্স, ಅಂದರೆ ‘ಸ್ಟೋರ್ಸ್’ ಎಂಬ ಪದ ಹೇರಳ. ಇದರ ಕೊನೆಯ ಸಕಾರದ ನೆತ್ತಿಯ ಮೇಲೆ ಚಿಕ್ಕ ಓರೆಗೆರೆಯೊಂದಿದೆ. ಅದು ನಮ್ಮ ಅರ್ಕಾವತ್ತು. ಕನ್ನಡದಲ್ಲಿ ಅರ್ಕಾವತ್ತನ್ನು ಅಕ್ಷರದ ಬಲಕ್ಕೆ ಬರೆದರೂ ಅದಕ್ಕಿಂತ ಮುಂಚೆ ಉಚ್ಚರಿಸುತ್ತೇವೆ. ಬಂಗಾಳಿಯಲ್ಲಿ ಅದನ್ನು ನೆತ್ತಿಯ ಮೇಲೆ ಬರೆದು ಮುಂಚೆ ಉಚ್ಚರಿಸುತ್ತಾರೆ. ಬರೆದ ಜಾಗಕ್ಕೂ ನುಡಿವ ಜಾಗಕ್ಕೂ ಇರುವ ಈ ಅಂತರ ಕನ್ನಡಿಗರಿಗೆ ಹೊಸದಲ್ಲ.

ಅಕ್ಷರ ಸರಿಯಾಗಿ ಓದಿದರೂ ಅಂಗಡಿಯವರು ಬೇರೆ ರೀತಿ ಹೇಳುತ್ತಾರೆ. ನನ್ನ ಓದು ತಪ್ಪೇ?

ತಪ್ಪಲ್ಲ. ಬಂಗಾಳಿಯ ಬರಹ ಸಂಸ್ಕೃತದ ಕಾಗುಣಿತವನ್ನು ಉಳಿಸಿಕೊಂಡಿದೆ, ನುಡಿ ಬೇರೆ ದಾರಿ ಹಿಡಿದಿದೆ. ಫಲಕ ಓದುವವರಿಗೆ ಮುಖ್ಯವಾದ ವ್ಯತ್ಯಾಸ ಬ ಮತ್ತು ವ ಅಕ್ಷರಗಳದ್ದು. ಬಂಗಾಳಿಯಲ್ಲಿ ಎರಡಕ್ಕೂ ব ಒಂದೇ. ಬಟ್ಟೆಯಂಗಡಿಯ ಫಲಕದಲ್ಲಿ বস্ত্রালয় ಎಂದು ಕಂಡರೆ ಅದು ನಮ್ಮ ವಸ್ತ್ರಾಲಯ. ಅವರ ಬಾಯಲ್ಲಿ ಅದು ‘ಬೊಸ್ತ್ರಾಲೊಯ್’ ಎಂಬಂತೆ ಕೇಳಿಸುತ್ತದೆ. ವಿವೇಕಾನಂದರ ಹೆಸರಿನ ಎರಡು ವಕಾರಗಳೂ ಅಲ್ಲಿ ಬಕಾರಗಳೇ. ಆದ್ದರಿಂದ ತ್ರಿಕೋನದಿಂದ ಶುರುವಾಗುವ ಪದಕ್ಕೆ ಅರ್ಥ ಹೊಳೆಯದಿದ್ದರೆ ಬ ತೆಗೆದು ವ ಇಟ್ಟು ನೋಡಿ.

ಅಕಾರ ಒಕಾರದ ಕಡೆಗೆ ಬಾಗುವುದು, ಶ ಷ ಸ ಮೂರೂ ಹೆಚ್ಚಾಗಿ ಶಕಾರದಂತೆ ಕೇಳಿಸುವುದು, ಚುಕ್ಕೆಯಿಲ್ಲದ য ‘ಜ’ ಆಗುವುದು, ಇವೂ ಇವೆ. ಆದರೆ ಅರ್ಥ ತಿಳಿಯುವುದೇ ಗುರಿಯಾದ್ದರಿಂದ ಮೊದಲು ಕನ್ನಡದ ಸದ್ದಿನಲ್ಲಿಯೇ ಓದಿ. ಸಂಸ್ಕೃತ ಮೂಲದ ಪದಗಳು ಆ ಸದ್ದಿನಲ್ಲಿಯೇ ಬೇಗ ಗುರುತು ಸಿಗುತ್ತವೆ.

ವೈದ್ಯರ ಹೆಸರಿನ ಫಲಕದಲ್ಲಿ ವಿಸರ್ಗ ಏಕಿದೆ?

ಅಲ್ಲಿರುವುದು ডাঃ, ಕನ್ನಡದ ‘ಡಾ.’ ಎಂಬುದಕ್ಕೆ ಸಮ. ಬಂಗಾಳಿಯ ವಿಸರ್ಗ ನಮ್ಮ ವಿಸರ್ಗದಂತೆಯೇ ಎರಡು ಸೊನ್ನೆಗಳು, ಆದರೆ ಪದವನ್ನು ಮೊಟಕುಗೊಳಿಸಿದ್ದಕ್ಕೆ ಗುರುತಾಗಿಯೂ ಅದನ್ನು ಬಳಸುವ ರೂಢಿಯಿದೆ. ಇಂಥಲ್ಲಿ ಅದನ್ನು ಉಚ್ಚರಿಸಬಾರದು. ಅನುಸ್ವಾರವೂ ಇದೇ ಕೆಲಸ ಮಾಡುವುದುಂಟು: ಹಳೆಯ ವ್ಯಾಪಾರ ಮಳಿಗೆಗಳ ಹೆಸರಿನ ಕೊನೆಯಲ್ಲಿ ಕಾಣುವ কোং ಎಂದರೆ ‘ಕಂಪನಿ’, ನಾವು ‘ಕಂ.’ ಎಂದು ಬರೆಯುವುದು. ಬಂಗಾಳಿಯ ಅನುಸ್ವಾರವೂ ನಮ್ಮದರಂತೆ ಅಕ್ಷರದ ಬಲಕ್ಕೆ ಬರುವ ಸೊನ್ನೆಯೇ. ಅದರ ಕೆಳಗೆ ಒಂದು ಓರೆಗೆರೆ ಹೆಚ್ಚಾಗಿರುತ್ತದೆ.

ಬೆಲೆ ಓದುವಾಗ ಅಂಕೆಗಳಲ್ಲಿ ಮೋಸಹೋಗದಿರಲು ಏನು ನೋಡಬೇಕು?

ಎರಡು ಅಂಕೆಗಳನ್ನು ನೋಡಬೇಕು. ಬಂಗಾಳಿಯ ৪ ನೋಡಲು 8ರಂತಿದೆ, ಆದರೆ ಅದು 4. ಬಂಗಾಳಿಯ ৭ ನೋಡಲು 9ರಂತಿದೆ, ಆದರೆ ಅದು 7. ৪০ টাকা ಎಂದು ಬರೆದಿದ್ದರೆ ಅದು 40 ರೂಪಾಯಿ, 80 ಅಲ್ಲ. ৭০ ಎಂದರೆ 70, 90 ಅಲ್ಲ.

ಮೊದಲನೆಯದಕ್ಕೆ ಕನ್ನಡದ ಅಂಕೆಗಳು ಗೊತ್ತಿದ್ದವರಿಗೆ ಅಂಜಿಕೆ ಬೇಕಿಲ್ಲ. ಕನ್ನಡದ ೪ ಬರೆದು ನೋಡಿ: ಕೆಳಗೆ ಕುಣಿಕೆ, ಮೇಲೆ ತೆರೆದ ಎರಡು ತುದಿಗಳು. ಆ ಎರಡು ತುದಿಗಳನ್ನು ಮೇಲೆ ಕೂಡಿಸಿದರೆ ಬಂಗಾಳಿಯ ৪ ಆಗುತ್ತದೆ. ಸೊನ್ನೆ ಎರಡರಲ್ಲಿಯೂ ಒಂದೇ. ೨ ಮತ್ತು ২ ಕೂಡ ಹತ್ತಿರದ ಆಕಾರಗಳು. ಏಳಕ್ಕೆ ಮಾತ್ರ ಕನ್ನಡ ನೆರವಾಗುವುದಿಲ್ಲ, ಅದನ್ನು ಬಾಯಿಪಾಠ ಮಾಡಲೇಬೇಕು. ಬಸ್ಸಿನ ಸಂಖ್ಯೆ ಬಂಗಾಳಿ ಅಂಕೆಯಲ್ಲಿದ್ದಾಗಲೂ ಇದೇ ಎಚ್ಚರ ಅಗತ್ಯ, ಏಕೆಂದರೆ ಅಲ್ಲಿ ತಪ್ಪು ಓದಿದರೆ ಬೇರೆ ಊರಿನ ದಾರಿ ಹಿಡಿಯಬೇಕಾಗುತ್ತದೆ.

ಅಚ್ಚಿನ ಅಕ್ಷರ ಓದಲು ಬರುತ್ತದೆ, ಕೈಯಲ್ಲಿ ಬರೆದ ಫಲಕ ಓದಲಾಗುತ್ತಿಲ್ಲ. ಏನು ಮಾಡಬೇಕು?

ಬಣ್ಣದಲ್ಲಿ ಬರೆಯುವ ಕಲಾವಿದರು ಅಲಂಕಾರಕ್ಕಾಗಿ ಮಾತ್ರಾವನ್ನು ದಪ್ಪಮಾಡುತ್ತಾರೆ, ಅಲೆಯಂತೆ ಬಾಗಿಸುತ್ತಾರೆ, ಕೆಲವೊಮ್ಮೆ ಬಿಟ್ಟೇಬಿಡುತ್ತಾರೆ. ತ್ರಿಕೋನದ ಮೂಲೆಗಳು ದುಂಡಗಾಗುತ್ತವೆ, ಚುಕ್ಕೆ ಚೌಕವೋ ಗೆರೆಯೋ ಆಗುತ್ತದೆ. ಹಳೆಯ ಫಲಕದಲ್ಲಿ ಬಣ್ಣ ಉದುರಿ ಚುಕ್ಕೆ ಅಳಿಸಿಹೋಗಿದ್ದರೆ র ಅಕ್ಷರ ব ಆಗಿ ಕಾಣುತ್ತದೆ. ಪದದ ಕೊನೆಯಲ್ಲಿ ‘ಭಾಂಡಾಬ್’ ಎಂದು ಬಂದರೆ ಚುಕ್ಕೆ ಅಳಿಸಿದೆಯೆಂದೇ ತಿಳಿಯಬೇಕು. ಇಂಥಲ್ಲಿ ಮೇಲೆ ಹೇಳಿದ ತೆರೆದ, ಮುಚ್ಚಿದ ಒಡಲಿನ ಲಕ್ಷಣಗಳು ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಎಷ್ಟೇ ಅಲಂಕಾರ ಮಾಡಿದರೂ ಕಲಾವಿದ ಪಕಾರದ ಬುಡವನ್ನು ತೆರೆದಿಡುವುದಿಲ್ಲ.

ಅಭ್ಯಾಸಕ್ಕೆ ರೈಲು ನಿಲ್ದಾಣದ ಹೆಸರುಫಲಕಗಳು ಒಳ್ಳೆಯವು. ಪಶ್ಚಿಮ ಬಂಗಾಳದಲ್ಲಿ ಅವು ಬಂಗಾಳಿ, ಹಿಂದಿ, ಇಂಗ್ಲಿಷ್ ಮೂರರಲ್ಲಿಯೂ ಇರುವುದರಿಂದ ಮೊದಲು ಬಂಗಾಳಿಯ ಸಾಲನ್ನು ಓದಿ, ಆಮೇಲೆ ಇಂಗ್ಲಿಷಿನ ಸಾಲಿನಿಂದ ಸರಿಯೋ ತಪ್ಪೋ ನೋಡಿಕೊಳ್ಳಬಹುದು.

ಗುವಾಹಟಿಯ ಫಲಕಗಳಿಗೂ ಇದೇ ಅಕ್ಷರಗಳು ನಡೆಯುತ್ತವೆಯೇ?

ಬಹುಮಟ್ಟಿಗೆ ನಡೆಯುತ್ತವೆ, ಏಕೆಂದರೆ ಅಸ್ಸಾಮಿ ಭಾಷೆಯನ್ನು ಬರೆಯುವುದು ಇದೇ ಲಿಪಿಯಲ್ಲಿ. ಆದರೆ ಈ ಪುಟದಲ್ಲಿ ಹೆಚ್ಚು ಒತ್ತು ಕೊಟ್ಟ ರಕಾರವೇ ಅಲ್ಲಿ ಬದಲಾಗುತ್ತದೆ. ಅಸ್ಸಾಮಿಯ ರ ಅಕ್ಷರಕ್ಕೆ ಕೆಳಗೆ ಚುಕ್ಕೆ ಇರುವುದಿಲ್ಲ, ತ್ರಿಕೋನದ ಒಡಲೊಳಗೆ ಒಂದು ಓರೆಗೆರೆ ಇರುತ್ತದೆ: ৰ. ವಕಾರಕ್ಕೂ ಅಲ್ಲಿ ৱ ಎಂಬ ಬೇರೆ ಅಕ್ಷರವಿದೆ, ತ್ರಿಕೋನದ ಕೆಳಗಡೆ ಚಿಕ್ಕ ಗೆರೆಯೊಂದಿಗೆ. ಎದುರಿಗಿರುವ ಫಲಕ ಬಂಗಾಳಿಯದೋ ಅಸ್ಸಾಮಿಯದೋ ಎಂದು ಸಂಶಯ ಬಂದರೆ ಮೊದಲು ಅದರಲ್ಲಿ ಒಂದು ರಕಾರವನ್ನು ಹುಡುಕಿ. ಚುಕ್ಕೆಯಿದ್ದರೆ ಬಂಗಾಳಿ, ಒಳಗೆ ಗೆರೆಯಿದ್ದರೆ ಅಸ್ಸಾಮಿ.